ಹರಪನಹಳ್ಳಿ ಯಾವ ಜಿಲ್ಲೆ? ಡೇಟಾಬೇಸಿನಲ್ಲಿ ಒಂದು ಸಂಗತಿಗೆ ಒಂದೇ ಜಾಗ

ಹರಪನಹಳ್ಳಿಯಲ್ಲಿ ಹುಟ್ಟಿ ಬೆಳೆದು, ಅದೇ ಬೀದಿಯ ಅದೇ ಮನೆಯಲ್ಲಿ ಉಳಿದವರು ಕೂಡ ತಮ್ಮ ವಿಳಾಸದ ಕೊನೆಯ ಸಾಲನ್ನು ಮೂರು ಸಲ ಬದಲಿಸಿದ್ದಾರೆ. 1997ರವರೆಗೆ ಆ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ದಾವಣಗೆರೆ ಹೊಸ ಜಿಲ್ಲೆಯಾದಾಗ ಅದಕ್ಕೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ಬಳ್ಳಾರಿ ಒಡೆದು ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರ ಪಾಲಾಯಿತು.

ಊರಿನವರಿಗೆ ಇದು ಆಡಳಿತದ ಬದಲಾವಣೆ. ಆ ಊರಿನ ವಿಳಾಸಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡವರಿಗೆ ಇದೊಂದು ಪರೀಕ್ಷೆ. ಪ್ರತಿ ಬದಲಾವಣೆಯಲ್ಲೂ ಅವರು ಎಷ್ಟು ಕಡೆ ತಿದ್ದಬೇಕಾಯಿತು? ಒಂದು ಕಡೆಯೋ, ಸಾವಿರ ಕಡೆಯೋ? ಡೇಟಾಬೇಸ್ ಕಟ್ಟುವವರು ಮಾಹಿತಿಯನ್ನು ಒಂದೇ ದೊಡ್ಡ ಪಟ್ಟಿಯಲ್ಲಿ ಇಡದೆ ಹಲವು ಸಣ್ಣ ಕೋಷ್ಟಕಗಳಿಗೆ ಹಂಚುವುದು ಏಕೆ ಎಂಬುದಕ್ಕೆ ಉತ್ತರ ಈ ಪ್ರಶ್ನೆಯಲ್ಲೇ ಇದೆ. ಹೀಗೆ ಹಂಚುವ ಕ್ರಮಕ್ಕೆ ಅವರಿಟ್ಟ ಹೆಸರು ನಾರ್ಮಲೈಸೇಷನ್.

ಉದಾಹರಣೆಗೆ ಧಾರವಾಡದಲ್ಲಿ ಒಂದು ಪುಸ್ತಕದಂಗಡಿ ಇದೆ ಎಂದು ಕಲ್ಪಿಸಿಕೊಳ್ಳೋಣ. ಅಂಚೆಯಲ್ಲಿ ಪುಸ್ತಕ ಕಳಿಸುವ ಅಂಗಡಿ. ಲೆಕ್ಕ ಬರೆಯುವವರು ಎಕ್ಸೆಲ್ ತೆರೆದು, ಬಂದ ಆರ್ಡರುಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋಗುತ್ತಾರೆ. 2017ರ ಒಂದು ದಿನದ ನಾಲ್ಕು ಸಾಲು ಹೀಗಿವೆ:

| ಆರ್ಡರ್ | ಗ್ರಾಹಕರು | ತಾಲ್ಲೂಕು | ಜಿಲ್ಲೆ | ಪುಸ್ತಕ | ಲೇಖಕ | ಪ್ರತಿ |
|---|---|---|---|---|---|---|
| 1041 | ಶಾಂತಮ್ಮ | ಹರಪನಹಳ್ಳಿ | ದಾವಣಗೆರೆ | ಕರ್ವಾಲೊ | ಪೂರ್ಣಚಂದ್ರ ತೇಜಸ್ವಿ | 1 |
| 1041 | ಶಾಂತಮ್ಮ | ಹರಪನಹಳ್ಳಿ | ದಾವಣಗೆರೆ | ಜುಗಾರಿ ಕ್ರಾಸ್ | ಪೂರ್ಣಚಂದ್ರ ತೇಜಸ್ವಿ | 1 |
| 1042 | ಬಸವರಾಜ | ಕೂಡ್ಲಿಗಿ | ಬಳ್ಳಾರಿ | ಕರ್ವಾಲೊ | ಪೂಚಂತೇ | 2 |
| 1043 | ಹನುಮಂತಪ್ಪ | ಹರಪನಹಳ್ಳಿ | ದಾವಣಗೆರೆ | ಚೋಮನ ದುಡಿ | ಶಿವರಾಮ ಕಾರಂತ | 1 |

ನೋಡಲು ಅಚ್ಚುಕಟ್ಟಾದ ಪಟ್ಟಿ. ಬೇಕಾದದ್ದೆಲ್ಲ ಒಂದೇ ಕಡೆ ಕಾಣುತ್ತದೆ, ಪಾರ್ಸೆಲ್ ಕಟ್ಟುವವರು ಸಾಲು ನೋಡಿಕೊಂಡು ಕೆಲಸ ಮುಗಿಸಬಹುದು. ಆದರೆ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿದೆ ಎಂಬ ಒಂದೇ ಸಂಗತಿಯನ್ನು ಈ ನಾಲ್ಕು ಸಾಲುಗಳಲ್ಲಿ ಮೂರು ಸಲ ಬರೆದಾಗಿದೆ. ಕರ್ವಾಲೊ ಯಾರು ಬರೆದದ್ದು ಎಂಬುದನ್ನು ಎರಡು ಸಲ, ಅದೂ ಎರಡು ಬಗೆಯಾಗಿ. ಕನ್ನಡ ಓದುಗರಿಗೆ ಪೂಚಂತೇ ಎಂದರೂ ಪೂರ್ಣಚಂದ್ರ ತೇಜಸ್ವಿ ಎಂದರೂ ಒಬ್ಬರೇ. ಕಂಪ್ಯೂಟರಿಗೆ ಅವರು ಇಬ್ಬರು ಲೇಖಕರು. ತೇಜಸ್ವಿಯವರ ಪುಸ್ತಕ ಎಷ್ಟು ಮಾರಾಟವಾಯಿತು ಎಂದು ಕೇಳಿದರೆ ಅದು ಎರಡು ಪ್ರತಿ ಎನ್ನುತ್ತದೆ. ನಿಜವಾದ ಲೆಕ್ಕ ನಾಲ್ಕು.

ಈಗ 2018 ಬಂತು, ಹರಪನಹಳ್ಳಿ ಬಳ್ಳಾರಿಗೆ ಸೇರಿತು ಎಂದುಕೊಳ್ಳಿ. ಅಷ್ಟು ಹೊತ್ತಿಗೆ ಪಟ್ಟಿಯಲ್ಲಿ ಆ ತಾಲ್ಲೂಕಿನ ಕೆಲವು ನೂರು ಸಾಲುಗಳಿವೆ. ಮೊದಲು ಹೊಳೆಯುವ ಉಪಾಯ ‘ದಾವಣಗೆರೆ’ ಇದ್ದಲ್ಲೆಲ್ಲ ‘ಬಳ್ಳಾರಿ’ ಎಂದು ಒಟ್ಟಿಗೆ ಬದಲಿಸಿಬಿಡುವುದು. ಹಾಗೆ ಮಾಡಿದರೆ ದಾವಣಗೆರೆ ಪಟ್ಟಣದಲ್ಲೇ ಇರುವ ಗ್ರಾಹಕರೂ ಬಳ್ಳಾರಿಯವರಾಗಿಬಿಡುತ್ತಾರೆ. ಈ ಅಪಾಯ ಅರಿತವರು ತಾಲ್ಲೂಕಿನ ಕಾಲಂನಲ್ಲಿ ‘ಹರಪನಹಳ್ಳಿ’ ಎಂದಿರುವ ಸಾಲುಗಳನ್ನಷ್ಟೇ ಹುಡುಕಿ ತಿದ್ದುತ್ತಾರೆ. ಆದರೆ ಒಬ್ಬರು ‘ಹರಪ್ಪನಹಳ್ಳಿ’ ಎಂದು ಟೈಪಿಸಿರುತ್ತಾರೆ. ಇನ್ನೊಬ್ಬರು ‘ಹರಪನಹಳ್ಳಿ ತಾ.’ ಎಂದು. ಮತ್ತೊಂದು ಸಾಲಿನಲ್ಲಿ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದಿರುತ್ತದೆ. ಕನ್ನಡದಲ್ಲಿ ಇದರ ಮೇಲೆ ಒತ್ತಕ್ಷರಗಳ ಬಳಿ ನುಸುಳುವ, ಪರದೆಯ ಮೇಲೆ ತೋರದ ಯುನಿಕೋಡ್ ಜೋಡಕಗಳ ಕಾಟವೂ ಇದೆ. ಅವುಗಳಿಂದಾಗಿ ನೋಟಕ್ಕೆ ಒಂದೇ ಆಗಿರುವ ಎರಡು ಪದಗಳು ಕಂಪ್ಯೂಟರಿನ ಲೆಕ್ಕದಲ್ಲಿ ಬೇರೆ ಬೇರೆಯಾಗುತ್ತವೆ. ಈ ಸಾಲುಗಳೆಲ್ಲ ಹುಡುಕಾಟಕ್ಕೆ ಸಿಗದೆ ದಾವಣಗೆರೆಯಲ್ಲೇ ಉಳಿಯುತ್ತವೆ.

ಮೂರು ವರ್ಷದ ಮೇಲೆ ವಿಜಯನಗರ ಜಿಲ್ಲೆ ಬಂದಾಗ ಇದೇ ಕೆಲಸ ಇನ್ನೊಮ್ಮೆ. ಈ ಸಲ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನ ಹಡಗಲಿ, ಹರಪನಹಳ್ಳಿ ಹೀಗೆ ಆರು ತಾಲ್ಲೂಕು ಹೊಸ ಜಿಲ್ಲೆಗೆ ಹೋಗಬೇಕು, ಸಂಡೂರು, ಸಿರುಗುಪ್ಪ ಮೊದಲಾದವು ಬಳ್ಳಾರಿಯಲ್ಲೇ ಉಳಿಯಬೇಕು. ಅವಸರದಲ್ಲಿ ತಿದ್ದಿದ ಪಟ್ಟಿಯಲ್ಲಿ ಕೊನೆಗೆ ಹರಪನಹಳ್ಳಿ ಕೆಲವು ಸಾಲುಗಳಲ್ಲಿ ದಾವಣಗೆರೆ, ಕೆಲವದರಲ್ಲಿ ಬಳ್ಳಾರಿ, ಕೆಲವದರಲ್ಲಿ ವಿಜಯನಗರ.

ಡೇಟಾಬೇಸಿನವರು ಇದನ್ನು ಅಪ್‌ಡೇಟ್ ಅನಾಮಲಿ ಎನ್ನುತ್ತಾರೆ. ಒಂದು ಸಂಗತಿಯ ಹಲವು ಪ್ರತಿಗಳಲ್ಲಿ ಕೆಲವನ್ನು ತಿದ್ದಿ ಕೆಲವನ್ನು ಬಿಟ್ಟಾಗ ಹುಟ್ಟುವ ವಿರಸ ಇದು. ಇದರ ಕೆಟ್ಟ ಗುಣವೆಂದರೆ ಸದ್ದು ಮಾಡದಿರುವುದು. ಕಂಪ್ಯೂಟರ್ ನಿಲ್ಲುವುದಿಲ್ಲ, ಕೆಂಪು ಅಕ್ಷರದ ಎಚ್ಚರಿಕೆ ಬರುವುದಿಲ್ಲ. ಯಾರೋ ಜಿಲ್ಲಾವಾರು ಮಾರಾಟದ ಲೆಕ್ಕ ಕೇಳಿ, ಎರಡು ವರದಿಗಳು ತಾಳೆಯಾಗದೆ ಹೋದಾಗಷ್ಟೇ ಗೊತ್ತಾಗುತ್ತದೆ. ಆಗಲೂ ಯಾವ ಸಾಲು ಸರಿ, ಯಾವುದು ತಪ್ಪು ಎಂದು ಪಟ್ಟಿಯೊಳಗಿನಿಂದ ಹೇಳಲು ಬರುವುದಿಲ್ಲ. ಹೊರಗಿನ ದಾಖಲೆಯನ್ನೇ ನೋಡಬೇಕು.

ಪತ್ತೆ ಹಚ್ಚುವುದಕ್ಕೆ ಮಾತ್ರ ಒಂದು ಸರಳ ಪ್ರಶ್ನೆ ಸಾಕು. ಪಟ್ಟಿ ಡೇಟಾಬೇಸಿನಲ್ಲಿ ಇದ್ದರೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಹೀಗೆ ಕೇಳಬಹುದು:

```sql
SELECT taluk FROM sales
GROUP BY taluk
HAVING COUNT(DISTINCT district) > 1;
```

ಒಂದಕ್ಕಿಂತ ಹೆಚ್ಚು ಜಿಲ್ಲೆಯ ಹೆಸರು ಅಂಟಿಕೊಂಡಿರುವ ತಾಲ್ಲೂಕುಗಳನ್ನು ಇದು ಹೆಕ್ಕಿ ಕೊಡುತ್ತದೆ. ಉತ್ತರದಲ್ಲಿ ಒಂದು ಹೆಸರು ಬಂದರೂ ಪಟ್ಟಿ ತನ್ನ ಮಾತಿಗೆ ತಾನೇ ವಿರುದ್ಧ ಹೇಳುತ್ತಿದೆ ಎಂದರ್ಥ. ‘ಹರಪ್ಪನಹಳ್ಳಿ’ ಎಂದು ತಪ್ಪಾಗಿ ಬರೆದ ಸಾಲುಗಳು ಮಾತ್ರ ಬೇರೆಯೇ ತಾಲ್ಲೂಕಿನಂತೆ ತೋರಿ ಈ ಪ್ರಶ್ನೆಯಿಂದಲೂ ತಪ್ಪಿಸಿಕೊಳ್ಳುತ್ತವೆ.

ಇದೇ ಪಟ್ಟಿಯಲ್ಲಿ ಇನ್ನೆರಡು ತೊಂದರೆಗಳು ಅಡಗಿವೆ. ಕೊಟ್ಟೂರು ಈಗ ಪ್ರತ್ಯೇಕ ತಾಲ್ಲೂಕು, ವಿಜಯನಗರ ಜಿಲ್ಲೆಯದು. ಅಂಗಡಿಗೆ ಇದು ಗೊತ್ತಿದ್ದರೂ ಬರೆದಿಡಲು ಜಾಗವಿಲ್ಲ. ಏಕೆಂದರೆ ಪಟ್ಟಿಯ ಒಂದು ಸಾಲು ಎಂದರೆ ಒಂದು ಮಾರಾಟ, ಕೊಟ್ಟೂರಿನಿಂದ ಇನ್ನೂ ಯಾರೂ ಪುಸ್ತಕ ಕೊಂಡಿಲ್ಲ. ಹೊಸದಾಗಿ ಅಂಗಡಿಗೆ ಬಂದ, ಇನ್ನೂ ಒಂದು ಪ್ರತಿಯೂ ಹೋಗದ ಪುಸ್ತಕದ ಹೆಸರನ್ನೂ ಹೀಗೆಯೇ ಬರೆಯಲಾಗದು. ಗ್ರಾಹಕರ ಕಾಲಂ ಖಾಲಿ ಬಿಟ್ಟು ಅರೆಬರೆ ಸಾಲು ಸೇರಿಸಿದರೆ ನಾಳೆ ಅದೂ ಒಂದು ಆರ್ಡರ್ ಎಂದು ಎಣಿಕೆಗೆ ಸಿಗುತ್ತದೆ. ಇದು ಸೇರಿಸುವಾಗಿನ ತೊಡಕು.

ಅಳಿಸುವಾಗಿನ ತೊಡಕು ಇದಕ್ಕೆ ತಿರುಗುಮುರುಗು. ಬಸವರಾಜರು 1042ನೇ ಆರ್ಡರ್ ರದ್ದು ಮಾಡಿದರು, ಆ ಸಾಲನ್ನು ಅಳಿಸಿದರು ಎಂದುಕೊಳ್ಳಿ. ಅಳಿಸಬೇಕಾಗಿದ್ದುದು ಒಂದು ಮಾರಾಟವನ್ನು ಮಾತ್ರ. ಆದರೆ ಅದರ ಜೊತೆಗೆ ಬಸವರಾಜರು ಈ ಅಂಗಡಿಯ ಗ್ರಾಹಕರು ಎಂಬ ಸಂಗತಿಯೂ, ಕೂಡ್ಲಿಗಿ ಯಾವ ಜಿಲ್ಲೆಯದು ಎಂಬ ಸಂಗತಿಯೂ ಹೊರಟುಹೋದವು. ಆ ತಾಲ್ಲೂಕಿನ ಹೆಸರಿದ್ದದ್ದು ಆ ಒಂದೇ ಸಾಲಿನಲ್ಲಿ.

ತಿದ್ದುವಾಗ, ಸೇರಿಸುವಾಗ, ಅಳಿಸುವಾಗ ಬರುವ ಈ ಮೂರೂ ತೊಂದರೆಗಳಿಗೆ ಬೇರು ಒಂದೇ ಎಂದು ಕಂಡುಕೊಂಡವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಅಮೆರಿಕದ ಐಬಿಎಂ ಕಂಪನಿಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಗಣಿತದ ಮನುಷ್ಯ. ಮಾಹಿತಿಯನ್ನೆಲ್ಲ ಸರಳ ಕೋಷ್ಟಕಗಳಲ್ಲಿ ಇಡಬಹುದು ಎಂಬ ಅವರ ಪ್ರಬಂಧ ಪ್ರಕಟವಾದದ್ದು 1970ರ ಜೂನ್‌ನಲ್ಲಿ. ಕೋಷ್ಟಕವನ್ನು ಅವರು ಗಣಿತದ ಪರಿಭಾಷೆಯಲ್ಲಿ ‘ರಿಲೇಷನ್’ ಎಂದು ಕರೆದರು. ಆ ದಿನಗಳಲ್ಲಿ ಅಧ್ಯಕ್ಷ ನಿಕ್ಸನ್ ಚೀನಾದೊಡನೆ ರಿಲೇಷನ್‌ಗಳನ್ನು ನಾರ್ಮಲೈಸ್ ಮಾಡುವ ಮಾತಾಡುತ್ತಿದ್ದರು, ತಾವೂ ಆ ಪದವನ್ನೇ ಎತ್ತಿಕೊಂಡೆವೆಂದು ಕಾಡ್ ಮುಂದೆ ಒಂದು ಸಂದರ್ಶನದಲ್ಲಿ ಹೇಳಿದ್ದುಂಟು. ಕೋಷ್ಟಕಗಳನ್ನು ಎರಡನೆಯ, ಮೂರನೆಯ ‘ನಾರ್ಮಲ್ ಫಾರ್ಮ್’ಗೆ ತರುವ ನಿಯಮಗಳನ್ನು ಅವರು 1971ರಲ್ಲಿ ಬರೆದರು. 1981ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು.

ಡಿಸ್ಕ್ ದುಬಾರಿಯಾಗಿದ್ದ ಕಾಲದಲ್ಲಿ ಜಾಗ ಉಳಿಸಲು ಮಾಡಿದ ಉಪಾಯ ಇದು, ಈಗ ಅದರ ಅಗತ್ಯವಿಲ್ಲ ಎನ್ನುವವರಿದ್ದಾರೆ. ಅದು ತಪ್ಪು. ಜಾಗ ಉಳಿದರೆ ಉಳಿಯಲಿ, ಆದರೆ ಕಾಡ್ ಬರೆದದ್ದು ತಿದ್ದುವ, ಸೇರಿಸುವ, ಅಳಿಸುವ ಈ ತೊಡಕುಗಳನ್ನು ಕಳೆಯುವುದಕ್ಕೆ. ಡಿಸ್ಕ್ ಎಷ್ಟೇ ಅಗ್ಗವಾದರೂ ಹರಪನಹಳ್ಳಿಯ ಮೂರು ಜಿಲ್ಲೆಗಳ ಗೊಂದಲ ಅಷ್ಟೇ ಇರುತ್ತದೆ.

ಕಾಡ್ ತೋರಿಸಿದ ದಾರಿಯಲ್ಲಿ ಮೊದಲು ಕೇಳಬೇಕಾದ್ದು, ಯಾವುದು ಗೊತ್ತಾದರೆ ಯಾವುದು ತಾನಾಗಿ ಗೊತ್ತಾಗುತ್ತದೆ ಎಂದು. ಆರ್ಡರ್ ಸಂಖ್ಯೆ ಗೊತ್ತಾದರೆ ಕೊಂಡವರು ಯಾರು ಎಂದು ಗೊತ್ತಾಗುತ್ತದೆ. ಪುಸ್ತಕ ಗೊತ್ತಾದರೆ ಲೇಖಕರು ಗೊತ್ತು. ತಾಲ್ಲೂಕು ಗೊತ್ತಾದರೆ ಜಿಲ್ಲೆ ಗೊತ್ತು, ಆದರೆ ಜಿಲ್ಲೆ ಗೊತ್ತಾದರೆ ತಾಲ್ಲೂಕು ತಿಳಿಯುವುದಿಲ್ಲ. ಎಷ್ಟು ಪ್ರತಿ ಹೋಯಿತು ಎಂದು ತಿಳಿಯಬೇಕಾದರೆ ಆರ್ಡರ್ ಸಂಖ್ಯೆ, ಪುಸ್ತಕ ಎರಡೂ ಬೇಕು. ಹೀಗೆ ಒಂದು ಸಾಲನ್ನು ಉಳಿದ ಸಾಲುಗಳಿಂದ ಬೇರೆ ಮಾಡಿ ಗುರುತಿಸುವ ಕಾಲಂ ಅಥವಾ ಕಾಲಂಗಳ ಜೋಡಿಗೆ ‘ಕೀ’ ಎನ್ನುತ್ತಾರೆ. ನಮ್ಮ ಪಟ್ಟಿಯ ಕೀ ಎಂದರೆ ಆರ್ಡರ್ ಸಂಖ್ಯೆ ಮತ್ತು ಪುಸ್ತಕದ ಜೋಡಿ.

ಇನ್ನು ಒಂದೊಂದೇ ಕಾಲಂ ಹಿಡಿದು ಅದು ಯಾರ ಸಂಗತಿ ಎಂದು ಕೇಳುತ್ತ ಹೋಗಬೇಕು. ‘ಪ್ರತಿ’ ಆ ಇಡೀ ಜೋಡಿಯ ಸಂಗತಿ, ಅದು ಅಲ್ಲೇ ಇರಲಿ. ‘ಲೇಖಕ’ ಪುಸ್ತಕದ ಸಂಗತಿ, ಅದಕ್ಕೂ ಆರ್ಡರಿಗೂ ಸಂಬಂಧವಿಲ್ಲ. ಕೀಯ ಅರ್ಧಕ್ಕೆ ಮಾತ್ರ ಅಂಟಿಕೊಂಡ ಇಂಥದ್ದನ್ನು ತೆಗೆದು ಪುಸ್ತಕಗಳ ಕೋಷ್ಟಕ ಎಂದು ಬೇರೆ ಮಾಡಬೇಕು. ‘ಗ್ರಾಹಕರು’ ಆರ್ಡರಿನ ಸಂಗತಿ, ಆದ್ದರಿಂದ ಆರ್ಡರುಗಳದ್ದೊಂದು ಕೋಷ್ಟಕ. ಇಷ್ಟು ಮಾಡಿದರೆ ಎರಡನೆಯ ನಾರ್ಮಲ್ ಫಾರ್ಮ್.

ಆದರೂ ಹರಪನಹಳ್ಳಿಯ ತೊಂದರೆ ತೀರಲಿಲ್ಲ. ಆರ್ಡರುಗಳ ಕೋಷ್ಟಕದಲ್ಲಿ ತಾಲ್ಲೂಕು, ಜಿಲ್ಲೆಗಳು ಇನ್ನೂ ಕೂತಿವೆ. ಆರ್ಡರ್ ಸಂಖ್ಯೆಯಿಂದ ಜಿಲ್ಲೆ ತಿಳಿಯುವುದು ನಿಜ, ಆದರೆ ಸರಪಳಿ ಹಿಡಿದು: ಆರ್ಡರಿನಿಂದ ಗ್ರಾಹಕರು, ಗ್ರಾಹಕರಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ. ಈ ಸರಪಳಿಯ ಕೊಂಡಿಗಳನ್ನು ಬಿಡಿಸಿ ಒಂದೊಂದಕ್ಕೂ ಅದರದೇ ಕೋಷ್ಟಕ ಕೊಡುವುದು ಮೂರನೆಯ ನಾರ್ಮಲ್ ಫಾರ್ಮ್. ಗ್ರಾಹಕರ ಕೋಷ್ಟಕದಲ್ಲಿ ಶಾಂತಮ್ಮನವರ ಹೆಸರಿನೆದುರು ತಾಲ್ಲೂಕಿನ ಸಂಖ್ಯೆ ಮಾತ್ರ ಇರುತ್ತದೆ, 7 ಎಂದುಕೊಳ್ಳಿ. ತಾಲ್ಲೂಕುಗಳ ಕೋಷ್ಟಕದಲ್ಲಿ 7ರ ಎದುರು ಹರಪನಹಳ್ಳಿ, ಅದರ ಜಿಲ್ಲೆ. ಈಗ ಸರ್ಕಾರ ಜಿಲ್ಲೆ ಬದಲಿಸಿದರೆ ತಿದ್ದುಪಡಿ ಇಷ್ಟೇ:

```sql
UPDATE taluk SET district = 'Vijayanagara'
WHERE taluk_code = 7;
```

ಒಂದು ಸಾಲು ಬದಲಾಯಿತು. ಅರ್ಧ ತಿದ್ದಿ ಅರ್ಧ ಬಿಡಲು ಎರಡನೆಯ ಪ್ರತಿಯೇ ಇಲ್ಲ. ಕೊಟ್ಟೂರಿನ ಗ್ರಾಹಕರು ಇರಲಿ ಬಿಡಲಿ, ತಾಲ್ಲೂಕುಗಳ ಕೋಷ್ಟಕದಲ್ಲಿ ಅದರ ಹೆಸರು ಸೇರಿಸಬಹುದು. ಬಸವರಾಜರ ಆರ್ಡರ್ ಅಳಿಸಿದರೆ ಆರ್ಡರ್ ಮಾತ್ರ ಹೋಗುತ್ತದೆ, ಬಸವರಾಜರೂ ಕೂಡ್ಲಿಗಿಯೂ ಉಳಿಯುತ್ತಾರೆ.

ಹೆಸರಿನ ಬದಲು ಸಂಖ್ಯೆ ಏಕೆ ಎಂದು ಕೇಳಬಹುದು. ಹೆಸರುಗಳು ಬದಲಾಗುತ್ತವೆ, ಒಂದೇ ಹೆಸರು ಎರಡು ಕಡೆಯೂ ಇರುತ್ತದೆ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಅಧಿಕೃತ ಹೆಸರು ಬದಲಾಯಿತು. ಬಿಜಾಪುರ ಅಂದು ವಿಜಯಪುರವಾಯಿತು. ಆದರೆ ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರ ಪಟ್ಟಣವಿದೆ. ಊರಿನ ಹೆಸರನ್ನೇ ಕೀ ಮಾಡಿಕೊಂಡ ಕೋಷ್ಟಕದಲ್ಲಿ ಅಂದಿನಿಂದ ಈ ಎರಡು ಊರುಗಳು ಒಂದರೊಳಗೊಂದು ಬೆರೆತುಹೋಗುತ್ತಿದ್ದವು.

ಕೋಷ್ಟಕ ಒಡೆಯುವುದೆಂದರೆ ತೋಚಿದಲ್ಲಿ ಕತ್ತರಿಸುವುದಲ್ಲ. ಒಡೆದ ತುಂಡುಗಳನ್ನು ಮತ್ತೆ ಜೋಡಿಸಿದಾಗ ಮೊದಲಿದ್ದುದೇ ಬರಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಯಾರೋ ಹೊಸಬರು ನಮ್ಮ ಪಟ್ಟಿಯನ್ನು ‘ಗ್ರಾಹಕರು, ತಾಲ್ಲೂಕು’ ಎಂದೊಂದು, ‘ತಾಲ್ಲೂಕು, ಪುಸ್ತಕ’ ಎಂದೊಂದು ಮಾಡಿದರೆನ್ನಿ. ಮೊದಲನೆಯದರಲ್ಲಿ ಶಾಂತಮ್ಮ, ಹನುಮಂತಪ್ಪ ಇಬ್ಬರೂ ಹರಪನಹಳ್ಳಿಯವರು. ಎರಡನೆಯದರಲ್ಲಿ ಹರಪನಹಳ್ಳಿಗೆ ಕರ್ವಾಲೊ, ಜುಗಾರಿ ಕ್ರಾಸ್, ಚೋಮನ ದುಡಿ ಹೋಗಿವೆ. ತಾಲ್ಲೂಕನ್ನು ಹಿಡಿದು ಎರಡನ್ನೂ ಜೋಡಿಸಿದರೆ ಇಬ್ಬರೂ ಮೂರೂ ಪುಸ್ತಕ ಕೊಂಡಂತೆ ಆರು ಸಾಲು ಬರುತ್ತವೆ. ನಿಜವಾಗಿ ಇದ್ದದ್ದು ಮೂರು. ಸಾಲು ಹೆಚ್ಚಾಯಿತು, ಆದರೆ ಯಾರು ಯಾವುದನ್ನು ಕೊಂಡರು ಎಂಬ ಮಾಹಿತಿ ಕಳೆದೇಹೋಯಿತು. ಎರಡು ತುಂಡುಗಳಿಗೂ ಸಾಮಾನ್ಯವಾದ ಕಾಲಂ ಆ ತುಂಡುಗಳಲ್ಲಿ ಒಂದಕ್ಕಾದರೂ ಕೀ ಆಗಿರಬೇಕು ಎಂಬ ನಿಯಮ ಇರುವುದು ಇದಕ್ಕೇ. ತಾಲ್ಲೂಕುಗಳ ಕೋಷ್ಟಕದಲ್ಲಿ ತಾಲ್ಲೂಕಿನ ಸಂಖ್ಯೆ ಕೀ, ಆದ್ದರಿಂದ ಅಲ್ಲಿ ಒಡೆದದ್ದು ಸುರಕ್ಷಿತ.

ಯಾವುದು ಗೊತ್ತಾದರೆ ಯಾವುದು ಗೊತ್ತಾಗುತ್ತದೆ ಎಂಬುದನ್ನು ಪಟ್ಟಿ ನೋಡಿ ಊಹಿಸುವುದೂ ಅಪಾಯವೇ. ಐವತ್ತು ಸಾಲು ನೋಡಿದವರಿಗೆ ಪಿನ್ ಕೋಡ್ ಗೊತ್ತಾದರೆ ಜಿಲ್ಲೆ ಗೊತ್ತು ಎನ್ನಿಸಬಹುದು. ಆದರೆ ಪಿನ್ ಕೋಡ್ ಅಂಚೆ ಬಟವಾಡೆಗಾಗಿ ಮಾಡಿದ್ದು, ಕಂದಾಯ ಇಲಾಖೆಯ ಗಡಿಗಳನ್ನು ಅದು ಅನುಸರಿಸಬೇಕಿಲ್ಲ. ಹರಪನಹಳ್ಳಿಯ ಪಿನ್ 583131. ಬಳ್ಳಾರಿ ಭಾಗದ ಪಿನ್‌ಗಳು 583ರಿಂದ, ದಾವಣಗೆರೆಯವು 577ರಿಂದ ಶುರುವಾಗುತ್ತವೆ. ದಾವಣಗೆರೆಗೆ ಸೇರಿದ್ದ ವರ್ಷಗಳಲ್ಲೂ ಹರಪನಹಳ್ಳಿಯ ಪಿನ್ 583 ಆಗಿಯೇ ಇತ್ತು. ಪಿನ್ ನಂಬಿ ಕೋಷ್ಟಕ ಕಟ್ಟಿದವರು ಆ ವರ್ಷಗಳಲ್ಲಿ ತಪ್ಪು ಜಿಲ್ಲೆ ಬರೆಯುತ್ತಿದ್ದರು. ಇಂಥ ಸಂಬಂಧ ನಿಜವೋ ಅಲ್ಲವೋ ಎಂದು ಕಂಪ್ಯೂಟರ್ ಹೇಳಲಾರದು, ಆ ಕೆಲಸ ಬಲ್ಲವರನ್ನು ಕೇಳಬೇಕು.

ಒಡೆದದ್ದಕ್ಕೆ ಬೆಲೆಯೂ ಇದೆ. ಮೊದಲು ಒಂದೇ ಸಾಲಿನಲ್ಲಿ ಕಾಣುತ್ತಿದ್ದುದನ್ನು ಈಗ ಪ್ರತಿ ಸಲ ಜೋಡಿಸಿ ನೋಡಬೇಕು:

```sql
SELECT o.order_no, c.name, t.district
FROM orders o
JOIN customer c ON c.customer_no = o.customer_no
JOIN taluk t ON t.taluk_code = c.taluk_code;
```

ಕೆಲವು ಸಾವಿರ ಆರ್ಡರುಗಳ ಅಂಗಡಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಕೋಟಿಗಟ್ಟಲೆ ಸಾಲುಗಳ ಮೇಲೆ ವರದಿ ತೆಗೆಯುವ ದೊಡ್ಡ ಸಂಸ್ಥೆಗಳು ಮಾತ್ರ ಓದುವುದಕ್ಕೆಂದೇ ಜೋಡಿಸಿಟ್ಟ ಬೇರೊಂದು ಅಗಲವಾದ ಕೋಷ್ಟಕ ಮಾಡಿಕೊಳ್ಳುತ್ತವೆ. ಅದರಲ್ಲಿ ತಪ್ಪಿಲ್ಲ. ಅಲ್ಲಿ ಯಾರೂ ಕೈಯಿಂದ ತಿದ್ದುವುದಿಲ್ಲ, ಮೂಲ ಕೋಷ್ಟಕಗಳಿಂದ ಮತ್ತೆ ಮತ್ತೆ ಹೊಸದಾಗಿ ತಯಾರಿಸುತ್ತಾರೆ. ಹಾಗೆಯೇ, ಗ್ರಾಹಕರ ಕೋಷ್ಟಕದಲ್ಲಿ ಇಲ್ಲದ ತಾಲ್ಲೂಕಿನ ಸಂಖ್ಯೆ ಬರೆದರೆ ಒಪ್ಪಬೇಡ ಎಂಬ ಕಟ್ಟಳೆಯನ್ನೂ ಡೇಟಾಬೇಸಿಗೆ ಕೊಡಬೇಕು. ಇದಕ್ಕೆ ಫಾರಿನ್ ಕೀ ಎನ್ನುತ್ತಾರೆ. ಒಡೆದು ಸುಮ್ಮನೆ ಬಿಟ್ಟರೆ, 99 ಎಂಬ ತಾಲ್ಲೂಕೇ ಇಲ್ಲದಿದ್ದರೂ ಯಾರೋ ಒಬ್ಬ ಗ್ರಾಹಕರು ಅಲ್ಲಿಯವರಾಗಿ ಕೂರುತ್ತಾರೆ.

ಅತಿ ಉತ್ಸಾಹದಲ್ಲಿ ಆಗುವ ಒಂದು ತಪ್ಪು ಬೆಲೆಯದು. ಕರ್ವಾಲೊ ಪುಸ್ತಕದ ಬೆಲೆ ಪುಸ್ತಕದ ಸಂಗತಿ ತಾನೆ ಎಂದು ಅದನ್ನು ಪುಸ್ತಕಗಳ ಕೋಷ್ಟಕದಲ್ಲಿ ಮಾತ್ರ ಇಟ್ಟರು ಎಂದುಕೊಳ್ಳಿ. 2017ರಲ್ಲಿ 150 ರೂಪಾಯಿ ಇದ್ದದ್ದು ಮರುಮುದ್ರಣದಲ್ಲಿ 200 ಆಯಿತು, ತಿದ್ದಿದರು. ಆ ಕ್ಷಣದಿಂದ ಶಾಂತಮ್ಮನವರ ಹಳೆಯ ಬಿಲ್ ಕೂಡ 200 ಎಂದು ತೋರಿಸುತ್ತದೆ, ಆ ವರ್ಷದ ಲೆಕ್ಕವೇ ಏರುಪೇರಾಗುತ್ತದೆ. ಇಲ್ಲಿರುವುದು ಒಂದಲ್ಲ, ಎರಡು ಸಂಗತಿ. ಪುಸ್ತಕದ ಇಂದಿನ ಬೆಲೆ ಒಂದು. ಅಂದು ಆ ಆರ್ಡರಿನಲ್ಲಿ ಎಷ್ಟಕ್ಕೆ ಮಾರಿದರು ಎಂಬುದು ಇನ್ನೊಂದು, ಅದು ಎಂದೂ ಬದಲಾಗುವುದಿಲ್ಲ. ಅಂಕಿ ಒಂದೇ ಆಗಿದ್ದ ಮಾತ್ರಕ್ಕೆ ಅವು ಒಂದಾಗುವುದಿಲ್ಲ, ಎರಡಕ್ಕೂ ಬೇರೆ ಜಾಗ ಬೇಕು.

ಇದೇ ಮಾತು ಹರಪನಹಳ್ಳಿಗೂ ಸಲ್ಲುತ್ತದೆ. 2017ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿ ಎಷ್ಟು ಪುಸ್ತಕ ಹೋಯಿತು ಎಂದು ಯಾರಾದರೂ ಕೇಳಿದರೆ, ಒಂದೇ ಸಾಲನ್ನು ತಿದ್ದಿಕೊಂಡು ಬಂದ ಕೋಷ್ಟಕ ಶಾಂತಮ್ಮನವರ ಆರ್ಡರನ್ನು ವಿಜಯನಗರದ ಲೆಕ್ಕಕ್ಕೆ ಹಾಕುತ್ತದೆ. ಆ ವರ್ಷ ಅಂಥ ಜಿಲ್ಲೆಯೇ ಇರಲಿಲ್ಲ. ಆದ್ದರಿಂದ ಹಳೆಯ ವರ್ಷಗಳ ವರದಿ ಬೇಕಾದ ಅಂಗಡಿ ‘ತಾಲ್ಲೂಕು, ಯಾವಾಗಿನಿಂದ, ಜಿಲ್ಲೆ’ ಎಂಬ ಕೋಷ್ಟಕವನ್ನು ಇಟ್ಟುಕೊಳ್ಳಬೇಕು, ಅದರಲ್ಲಿ ಕೀ ಎಂದರೆ ತಾಲ್ಲೂಕು ಮತ್ತು ದಿನಾಂಕದ ಜೋಡಿ. ಹರಪನಹಳ್ಳಿಗೆ ಅಲ್ಲಿ ಮೂರು ಸಾಲು: 1997ರಿಂದ ದಾವಣಗೆರೆ, 2018ರಿಂದ ಬಳ್ಳಾರಿ, 2021ರಿಂದ ವಿಜಯನಗರ. ಆರ್ಡರ್ ದಿನಾಂಕವನ್ನು ಇದಕ್ಕೆ ಹೊಂದಿಸಿ ನೋಡಿದರೆ ಶಾಂತಮ್ಮನವರ 1041ನೇ ಆರ್ಡರ್ ದಾವಣಗೆರೆಯ ಲೆಕ್ಕದಲ್ಲೂ, ಅವರು ಇಂದು ತರಿಸಿಕೊಳ್ಳುವ ಪುಸ್ತಕ ವಿಜಯನಗರದ ಲೆಕ್ಕದಲ್ಲೂ ಬರುತ್ತದೆ. ನಾಳೆ ಗಡಿ ಮತ್ತೆ ಬದಲಾದರೆ ಆ ಕೋಷ್ಟಕಕ್ಕೆ ನಾಲ್ಕನೆಯ ಸಾಲು ಸೇರಿಸಿದರಾಯಿತು, ಆರ್ಡರುಗಳ ಕೋಷ್ಟಕವನ್ನು ಮುಟ್ಟಬೇಕಾಗಿಲ್ಲ.